ಮಂಗಳವಾರದ ವರದಿಯಲ್ಲಿ ಸೋಮವಾರದ ಲೆಕ್ಕ

ಬ್ಯಾಂಕಿನ ಶಾಖೆಯಲ್ಲಿ ಕೂತವರಿಗೆ ಪ್ರಧಾನ ಕಚೇರಿಯ ಕಂಪ್ಯೂಟರ್ ವಿಭಾಗದಿಂದ ಆಗಾಗ ಒಂದು ಸಾಲಿನ ಪತ್ರ ಬರುತ್ತದೆ: ‘ತಾಂತ್ರಿಕ ದೋಷದಿಂದ ನಿನ್ನೆಯ ವರದಿಗಳಲ್ಲಿ ವ್ಯತ್ಯಾಸವಾಗಿದ್ದು, ಈಗ ಸರಿಪಡಿಸಲಾಗಿದೆ.’ ಇಂಥ ಪತ್ರದಿಂದ ಮ್ಯಾನೇಜರಿಗೆ ಯಾವ ಪ್ರಯೋಜನವೂ ಇಲ್ಲ. ಯಾವ ಕಾಗದವನ್ನು ನಂಬಬೇಕು, ಯಾವುದನ್ನು ಹರಿದು ಹಾಕಬೇಕು, ಯಾವ ಗ್ರಾಹಕರಿಗೆ ಫೋನ್ ಮಾಡಿ ಸಮಾಧಾನ ಹೇಳಬೇಕು ಎಂಬುದು ಅವರಿಗೆ ಬೇಕಾದ ವಿಷಯ. ಅದನ್ನು ಹೇಳುವ ಪತ್ರ ಹೇಗಿರುತ್ತದೆ ಎಂದು ನೋಡಲು ಒಂದು ಪಟ್ಟಣ ಸಹಕಾರ ಬ್ಯಾಂಕಿನ ಶಾಖೆಯನ್ನು ಕಲ್ಪಿಸಿಕೊಳ್ಳೋಣ.

ಕೌಂಟರಿನಲ್ಲಿ ಹಣ ಕಟ್ಟಿದ ಕೂಡಲೇ ಅದು ದಾಖಲಾಗುವುದು ಮುಖ್ಯ ಸರ್ವರಿನಲ್ಲಿ. ಆದರೆ ಠೇವಣಿಯ ಮೊತ್ತ, ಸುಸ್ತಿ ಸಾಲಗಳ ಪಟ್ಟಿ, ನಗದು ಸ್ಥಿತಿ ಮುಂತಾದ ವರದಿಗಳನ್ನು ಅಲ್ಲಿಂದಲೇ ತೆಗೆದರೆ ಕೌಂಟರಿನ ಕೆಲಸ ನಿಧಾನವಾಗುತ್ತದೆ. ಹಾಗಾಗಿ ಮುಖ್ಯ ಸರ್ವರಿನ ಒಂದು ಪ್ರತಿಯನ್ನು ಇನ್ನೊಂದು ಯಂತ್ರದಲ್ಲಿ ಇಟ್ಟು, ವರದಿಗಳನ್ನೆಲ್ಲ ಅದರಿಂದ ತೆಗೆಯುತ್ತಾರೆ. ಮುಖ್ಯ ಸರ್ವರಿನಲ್ಲಿ ಆಗುವ ಪ್ರತಿ ಬದಲಾವಣೆಯೂ ಒಂದು ಲಾಗ್‌ನಲ್ಲಿ ಸಾಲಾಗಿ ಬರೆದಿಡಲ್ಪಡುತ್ತದೆ; ಪ್ರತಿಯಂತ್ರ ಅದನ್ನು ತರಿಸಿಕೊಂಡು, ಅದೇ ಕ್ರಮದಲ್ಲಿ ತನ್ನಲ್ಲೂ ಜಾರಿ ಮಾಡುತ್ತದೆ. ಇದನ್ನೇ ಸಿಂಕ್ ಎನ್ನುವುದು.

ಸೋಮವಾರ ಬೆಳಿಗ್ಗೆ 11.10ಕ್ಕೆ ಈ ಸಿಂಕ್ ನಿಂತಿತು ಎಂದುಕೊಳ್ಳಿ. ಆಡಿಟ್‌ಗೆ ಬೇಕೆಂದು ಸಿಬ್ಬಂದಿಯೊಬ್ಬರು ಹಿಂದೊಮ್ಮೆ ಪ್ರತಿಯಂತ್ರದಲ್ಲೇ ನೇರವಾಗಿ ಒಂದು ಟೇಬಲ್ ಮಾಡಿಟ್ಟಿದ್ದರು. ಸೋಮವಾರ ಅದೇ ಹೆಸರಿನ ಟೇಬಲ್ ಮುಖ್ಯ ಸರ್ವರಿನಲ್ಲೂ ಸೃಷ್ಟಿಯಾಯಿತು. ಆ ಆದೇಶ ಲಾಗ್ ಮೂಲಕ ಬಂದಾಗ, ‘ಈ ಹೆಸರಿನ ಟೇಬಲ್ ಆಗಲೇ ಇದೆ’ ಎಂದು ಪ್ರತಿಯಂತ್ರ ಅಲ್ಲಿಗೇ ನಿಂತುಬಿಟ್ಟಿತು. ಕ್ರಮ ತಪ್ಪಿಸಿ ಮುಂದಿನದನ್ನು ಮಾಡುವಂತಿಲ್ಲ, ಆದ್ದರಿಂದ ಹಿಂದೆ ಬಂದ ಬದಲಾವಣೆಗಳೆಲ್ಲ ಸಾಲುಗಟ್ಟಿ ಕಾದವು. ಮೈಎಸ್‌ಕ್ಯೂಎಲ್ ಬಳಸುವ ಕಡೆ `SHOW REPLICA STATUS` ಎಂದು ಕೇಳಿದರೆ ಆಗ ಕಾಣುವುದು ಹೀಗೆ:

```
Replica_IO_Running: Yes
Replica_SQL_Running: No
Seconds_Behind_Source: NULL
Last_SQL_Errno: 1050
```

ಮೊದಲ ಸಾಲಿನ ಪ್ರಕಾರ ಲಾಗ್ ಬರುತ್ತಲೇ ಇದೆ. ಎರಡನೆಯದರ ಪ್ರಕಾರ ಅದನ್ನು ಜಾರಿ ಮಾಡುವ ಕೆಲಸ ನಿಂತಿದೆ. ಮೂರನೆಯ ಸಾಲನ್ನು ನಾನು ಎಲ್ಲರಿಗೂ ತೋರಿಸಬಯಸುತ್ತೇನೆ. ಪ್ರತಿಯಂತ್ರ ಎಷ್ಟು ಸೆಕೆಂಡು ಹಿಂದಿದೆ ಎಂದು ಹೇಳಬೇಕಾದ ಜಾಗ ಅದು. ಸಿಂಕ್ ನಿಧಾನವಾದರೆ ಅಲ್ಲಿ ಅಂಕಿ ಏರುತ್ತದೆ. ಪೂರ್ತಿ ನಿಂತರೆ ಅಂಕಿಯೇ ಇರುವುದಿಲ್ಲ, `NULL` ಇರುತ್ತದೆ. ‘300 ಸೆಕೆಂಡಿಗಿಂತ ಹೆಚ್ಚು ಹಿಂದಿದ್ದರೆ ಎಚ್ಚರಿಸು’ ಎಂದು ಅಲಾರಂ ಇಟ್ಟಿದ್ದರೆ ಅದು ಬಾರಿಸುವುದಿಲ್ಲ. ಇಲ್ಲದ ಅಂಕಿ 300ಕ್ಕಿಂತ ದೊಡ್ಡದು ಎಂದು ಯಂತ್ರ ಒಪ್ಪುವುದಿಲ್ಲ. ಸ್ವಲ್ಪ ತಡವಾದರೆ ಕೂಗುವ ಅಲಾರಂ, ಎಲ್ಲ ನಿಂತಾಗ ಸುಮ್ಮನಿರುತ್ತದೆ. ಒಂದು ಗಂಟೆಯ ತೊಂದರೆ ಒಂದು ದಿನದ್ದಾಗಲು ಕಾರಣ ಇದೇ.

ಇತ್ತ ಶಾಖೆಯಲ್ಲಿ ಯಾರಿಗೂ ಅನುಮಾನ ಬರುವುದಿಲ್ಲ. ಮಂಗಳವಾರ ಬೆಳಿಗ್ಗೆ ತೆಗೆದ ಸುಸ್ತಿ ಪಟ್ಟಿಯ ತಲೆಯ ಮೇಲೆ ಮಂಗಳವಾರದ ತಾರೀಖೇ ಇರುತ್ತದೆ, ಏಕೆಂದರೆ ಅದು ಮುದ್ರಣದ ದಿನ. ಒಳಗಿನ ಬಾಕಿ ಮಾತ್ರ ಸೋಮವಾರ 11.10ರದ್ದು. ಎರಡು ಬೇರೆ ದಿನಗಳು ಹೀಗೆ ಒಂದೇ ಕಾಗದದಲ್ಲಿ ಬೆರೆತಾಗ ಬರೀ ಹಳೆಯ ಲೆಕ್ಕಕ್ಕಿಂತ ಹೆಚ್ಚಿನ ಕೇಡಾಗುತ್ತದೆ.

ಒಬ್ಬ ಗ್ರಾಹಕರ ಸಾಲದ ಕಂತು ಸುಸ್ತಿಯಾಗಿ ಸೋಮವಾರಕ್ಕೆ 90 ದಿನ. ಅಂದು ಮಧ್ಯಾಹ್ನ 3ಕ್ಕೆ ಬಂದು ಬಾಕಿ 24,600 ರೂಪಾಯಿಯನ್ನೂ ಪೂರ್ತಿ ಕಟ್ಟಿ ರಸೀದಿ ಪಡೆದು ಹೋದರು. ಮರುದಿನದ ವರದಿ ಆ ಪಾವತಿಯನ್ನು ಕಾಣದೆ, ಆದರೆ ಹೊಸ ತಾರೀಖಿನಿಂದ ದಿನ ಎಣಿಸಿ, 91 ಎಂದಿತು. 90 ದಿನ ಮೀರಿದ ಸುಸ್ತಿ ಸಾಮಾನ್ಯ ಸಾಲಗಳಲ್ಲಿ ಅನುತ್ಪಾದಕ ಆಸ್ತಿಯ, ಅಂದರೆ ಎನ್‌ಪಿಎ ಗೆರೆ. ಪಟ್ಟಿ ಹಿಡಿದ ವಸೂಲಿ ಸಿಬ್ಬಂದಿ ಫೋನ್ ಮಾಡಿದರು. ಹಿಂದಿನ ದಿನವೇ ಹಣ ಕಟ್ಟಿದವರು ರಸೀದಿ ಹಿಡಿದು ಮ್ಯಾನೇಜರ್ ಮುಂದೆ ಬಂದು ನಿಂತರು. ವಿಷಯ ಬಯಲಾದದ್ದು ಆಗಲೇ.

ಈಗ ಪತ್ರಕ್ಕೆ ಬರೋಣ. ಅದರ ಮೊದಲ ಭಾಗ ಹೀಗಿರಬೇಕು:

“ಮಾನ್ಯ ವ್ಯವಸ್ಥಾಪಕರೇ, ಸೋಮವಾರ ಬೆಳಿಗ್ಗೆ 11.10ರಿಂದ ಮಂಗಳವಾರ ಮಧ್ಯಾಹ್ನ 3.40ರವರೆಗೆ ತಮ್ಮ ಶಾಖೆಯಲ್ಲಿ ತೆಗೆದ ವರದಿಗಳಲ್ಲಿ ಹಳೆಯ ಅಂಕಿಗಳಿದ್ದವು. ಗ್ರಾಹಕರ ಖಾತೆಗಳು, ಪಾವತಿಗಳು, ರಸೀದಿಗಳು ಮತ್ತು ಸೋಮವಾರ ರಾತ್ರಿಯ ಡೇ ಎಂಡ್ ಮುಖ್ಯ ಸರ್ವರಿನಲ್ಲಿ ನಡೆದಿದ್ದು, ಅವು ಸರಿಯಾಗಿವೆ. ಆ ಅವಧಿಯ ಸುಸ್ತಿ ಪಟ್ಟಿ ಮತ್ತು ನಗದು ಸ್ಥಿತಿಯ ಪ್ರತಿಗಳನ್ನು ದಯವಿಟ್ಟು ರದ್ದುಪಡಿಸಿ, ಹೊಸದಾಗಿ ತೆಗೆದುಕೊಳ್ಳಿ. ಈ ನಡುವೆ ಹಣ ಕಟ್ಟಿಯೂ ಸುಸ್ತಿ ಪಟ್ಟಿಯಲ್ಲಿ ಉಳಿದಿದ್ದ ತಮ್ಮ ಗ್ರಾಹಕರ ವಿವರವನ್ನು ಲಗತ್ತಿಸಿದ್ದೇವೆ. ಅವರಲ್ಲಿ ಯಾರಿಗಾದರೂ ವಸೂಲಿ ಕರೆ ಹೋಗಿದ್ದರೆ, ತಪ್ಪು ನಮ್ಮ ವಿಭಾಗದ್ದೆಂದು ತಿಳಿಸಿ ಕ್ಷಮೆ ಕೋರಬೇಕಾಗಿ ವಿನಂತಿ.”

ಕಾರಣದ ವಿವರಣೆ ಇದರ ನಂತರವೇ ಬರಬೇಕು, ಅದೂ ಎರಡು ಮೂರು ವಾಕ್ಯಗಳಲ್ಲಿ. ಪಾಸ್‌ಬುಕ್ ಎಂಟ್ರಿ ಹಾಕಿಸದಿದ್ದರೂ ಖಾತೆಯ ಹಣ ಇದ್ದಲ್ಲೇ ಇರುವ ಹಾಗೆ, ಪ್ರತಿ ನಿಂತಾಗಲೂ ಮೂಲ ಲೆಕ್ಕ ನಡೆಯುತ್ತಿತ್ತು ಎಂದರೆ ಮ್ಯಾನೇಜರಿಗೆ ಸಾಕು. ಆದರೆ ‘ಸರಿಪಡಿಸಲಾಗಿದೆ’ ಎಂಬ ಮಾತಿಗೆ ಪುರಾವೆ ಬೇಕೇ ಬೇಕು. ಇಲ್ಲಿ ಅವಸರಪಡುವವರು ಒಂದು ಅಡ್ಡದಾರಿ ಹಿಡಿಯುತ್ತಾರೆ: ಸಿಕ್ಕಿಬಿದ್ದ ಆದೇಶವನ್ನೇ ಬಿಟ್ಟು ಮುಂದಕ್ಕೆ ಹೋಗುವಂತೆ ಪ್ರತಿಯಂತ್ರಕ್ಕೆ ಹೇಳುವುದು. ಸಿಂಕ್ ಮತ್ತೆ ಓಡುತ್ತದೆ, ಪರದೆಯಲ್ಲಿ ಎಲ್ಲವೂ `Yes` ಎನ್ನುತ್ತದೆ, ಆದರೆ ಮೂಲಕ್ಕೂ ಪ್ರತಿಗೂ ನಡುವೆ ಯಾರಿಗೂ ಕಾಣದ ವ್ಯತ್ಯಾಸ ಉಳಿದುಬಿಡಬಹುದು. ಸರಿಯಾದ ದಾರಿ ಎಂದರೆ ಅಡ್ಡಬಂದ ಟೇಬಲ್‌ನ ಹೆಸರು ಬದಲಿಸಿ, ನಿಂತ ಜಾಗದಿಂದಲೇ ಲಾಗ್ ಪೂರ್ತಿ ಜಾರಿಯಾಗಲು ಬಿಟ್ಟು, ಆಮೇಲೆ ಸೋಮವಾರ ರಾತ್ರಿಯ ಠೇವಣಿ ಮತ್ತು ಸಾಲದ ಒಟ್ಟು ಮೊತ್ತಗಳನ್ನು ಶಾಖೆವಾರು ಎರಡೂ ಕಡೆ ತಾಳೆ ನೋಡುವುದು. ಆ ತಾಳೆಯ ಅಂಕಿಗಳನ್ನು ಪತ್ರದ ಜೊತೆ ಇಟ್ಟರೆ ಮ್ಯಾನೇಜರ್ ತಮ್ಮ ಡೇ ಎಂಡ್ ಪ್ರತಿಯೊಂದಿಗೆ ತಾವೇ ಹೋಲಿಸಬಹುದು.

ಇನ್ನು ಮುಂದಿನ ಬದಲಾವಣೆಗಳು. ಮುಖ್ಯವಾದದ್ದು, ಪ್ರತಿಯಂತ್ರ ತನ್ನ ಬಗ್ಗೆ ತಾನು ಹೇಳುವುದನ್ನು ನಂಬುವ ಬದಲು ಅಂಕಿಗಳ ವಯಸ್ಸನ್ನೇ ಅಳೆಯುವುದು. ಮುಖ್ಯ ಸರ್ವರಿನಲ್ಲಿ ಒಂದೇ ಸಾಲಿನ ಟೇಬಲ್ ಇಟ್ಟು, ಪ್ರತಿ ನಿಮಿಷಕ್ಕೊಮ್ಮೆ ಅದರಲ್ಲಿ ಆಗಿನ ಸಮಯ ಬರೆಸುತ್ತಾರೆ. ಇದಕ್ಕೆ ಹಾರ್ಟ್‌ಬೀಟ್ ಎನ್ನುತ್ತಾರೆ. ಬೇರೆ ಲೆಕ್ಕಗಳ ಜೊತೆ ಆ ಸಮಯವೂ ಪ್ರತಿಗೆ ಹರಿದು ಬರುತ್ತದೆ. ಪ್ರತಿಯಲ್ಲಿರುವ ಸಮಯಕ್ಕೂ ಗಡಿಯಾರಕ್ಕೂ 15 ನಿಮಿಷಕ್ಕಿಂತ ಹೆಚ್ಚು ಅಂತರವಿದ್ದರೆ, ಕಾರಣ ಯಾವುದೇ ಇರಲಿ, ಅಲಾರಂ ಹೊಡೆಯುತ್ತದೆ. ಎರಡೂ ಯಂತ್ರಗಳ ಗಡಿಯಾರ ಹೊಂದಿಕೆಯಾಗಿರಬೇಕು, ಅಷ್ಟೇ. ವರದಿಯ ತಲೆಯಲ್ಲೂ ಮುದ್ರಣದ ದಿನದ ಪಕ್ಕದಲ್ಲಿ ‘ಈ ಅಂಕಿಗಳು ಇಷ್ಟು ಗಂಟೆಯವರೆಗಿನವು’ ಎಂದು ಇದೇ ಸಮಯ ಬರುತ್ತದೆ. ಇದರ ಜೊತೆಗೆ ಪ್ರತಿಯಂತ್ರದಲ್ಲಿ `super_read_only` ಚಾಲೂ ಮಾಡಿದರೆ, ನಿರ್ವಾಹಕರು ಕೂಡ ಅದರಲ್ಲಿ ನೇರವಾಗಿ ಟೇಬಲ್ ಮಾಡಲಾರರು. ಆಡಿಟ್ ಕೆಲಸಕ್ಕೆ ಬೇರೆ ಯಂತ್ರ ಕೊಡಬೇಕಾಗುತ್ತದೆ.

ಈ ಬದಲಾವಣೆಗಳಿಂದ ಶಾಖೆಗೆ ಆಗುವ ಅನಾನುಕೂಲವನ್ನೂ ಪತ್ರ ಮುಚ್ಚಿಡಬಾರದು. ಅಂಕಿಗಳು ಹಳೆಯದಾಗಿದ್ದಾಗ ಸುಸ್ತಿ ಪಟ್ಟಿ ಇನ್ನು ಮುಂದೆ ಮುದ್ರಣವೇ ಆಗುವುದಿಲ್ಲ. ಬೆಳಿಗ್ಗೆ ವಸೂಲಿಗೆ ಹೊರಡಬೇಕಾದ ಸಿಬ್ಬಂದಿ ಬರಿಗೈಲಿ ಕಾಯಬೇಕಾಗಬಹುದು. ಆಗ ತುರ್ತಿದ್ದರೆ ಒಂದೊಂದೇ ಖಾತೆಯನ್ನು ಕೌಂಟರ್ ಪರದೆಯಲ್ಲಿ ನೋಡಬಹುದು, ಅದು ಮುಖ್ಯ ಸರ್ವರಿನದು. ಹಾರ್ಟ್‌ಬೀಟ್ ಹೇಳುವುದು ವಯಸ್ಸನ್ನು ಮಾತ್ರ. ವರದಿಯ ಲೆಕ್ಕಾಚಾರದಲ್ಲೇ ತಪ್ಪಿದ್ದರೆ ಅದಕ್ಕೆ ತಿಳಿಯದು. ಹಾಗಾಗಿ ಶಾಖೆವಾರು ತಾಳೆಯನ್ನು ಪ್ರತಿ ರಾತ್ರಿ ಡೇ ಎಂಡ್ ಆದಮೇಲೆ ತಾನಾಗಿಯೇ ನಡೆಯುವಂತೆ ಮಾಡಿ, ಒಂದು ರೂಪಾಯಿ ವ್ಯತ್ಯಾಸ ಬಂದರೂ ಮರುದಿನ ಶಾಖೆ ತೆರೆಯುವ ಮೊದಲು ಮ್ಯಾನೇಜರಿಗೆ ಫೋನ್ ಮಾಡುವುದಾಗಿ ವಿಭಾಗ ಬರೆದುಕೊಡಬೇಕು. ಯಾರು ಮಾಡುತ್ತಾರೆ, ಯಾವ ತಾರೀಖಿನಿಂದ ಎಂಬುದೂ ಅದರಲ್ಲಿರಬೇಕು.