ಸಿಗ್ನಲ್ ಇಲ್ಲದ್ದು ಊರಿಗೋ, ಫೋನಿಗೋ?

ಮಲೆನಾಡಿನ ತೋಟದ ಮನೆಗಳಲ್ಲಿ ಫೋನ್ ಬಂದರೆ ಅಂಗಳಕ್ಕೆ ಓಡುವುದು ಹೊಸದೇನಲ್ಲ. ಆದರೆ ಒಂದೇ ಕಂಪನಿಯ ಸಿಮ್ ಇದ್ದೂ ಜಗಲಿಯಲ್ಲಿ ತಮ್ಮನ ಫೋನ್ ಸರಾಗವಾಗಿ ನಡೆದು, ಅಣ್ಣನದು ಮಾತ್ರ ಕಟ್ ಆಗುತ್ತಿದ್ದರೆ ಯಾರನ್ನು ದೂರಬೇಕು? ಪರದೆಯ ಮೇಲಿನ ಕಡ್ಡಿಗಳನ್ನು ನಂಬುವಂತಿಲ್ಲ. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ಎಂಬುದು ಫೋನಿನಿಂದ ಫೋನಿಗೆ ಬೇರೆ.

ನಿಜವಾದ ಅಳತೆ ಒಳಗಿದೆ. ಆಂಡ್ರಾಯ್ಡ್‌ನಲ್ಲಿ Settings ತೆರೆದು About phone, ಅದರೊಳಗೆ SIM status ಒತ್ತಿದರೆ Signal strength ಎಂಬಲ್ಲಿ -97 dBm ಎಂಬಂಥ ಅಂಕಿ ಕಾಣುತ್ತದೆ. ಹಲವು ಫೋನ್‌ಗಳಲ್ಲಿ *#*#4636#*#* ಡಯಲ್ ಮಾಡಿದರೂ ಸಿಗುತ್ತದೆ. ಐಫೋನ್‌ನಲ್ಲಿ *3001#12345#* ಡಯಲ್ ಮಾಡಿ RSRP ಎಂಬ ಸಾಲನ್ನು ಹುಡುಕಬೇಕು.

ಮೈನಸ್ ಚಿಹ್ನೆ ಗೊಂದಲ ಮಾಡುತ್ತದೆ. ಸೊನ್ನೆ ಎಂದರೆ ಒಂದು ಮಿಲಿವ್ಯಾಟ್; ಅಲ್ಲಿಂದ ಹತ್ತು ಡೆಸಿಬೆಲ್ ಇಳಿದಾಗಲೆಲ್ಲ ಶಕ್ತಿ ಹತ್ತನೇ ಒಂದು ಭಾಗವಾಗುತ್ತದೆ. ಹಾಗಾಗಿ -110 ಎಂಬುದು -100ರ ಹತ್ತನೇ ಒಂದು ಪಾಲು ಮಾತ್ರ. 4ಜಿಯಲ್ಲಿ ಸುಮಾರು -90ರವರೆಗೆ ಚೆನ್ನ, -105ರ ತನಕ ಅಡ್ಡಿಯಿಲ್ಲ, -115 ದಾಟಿದರೆ ಮಾತು ತುಂಡಾಗುವುದು ಸಹಜ.

ಈಗ ಅಣ್ಣ-ತಮ್ಮಂದಿರ ಲೆಕ್ಕಕ್ಕೆ ಬರೋಣ. ಎರಡೂ ಫೋನ್‌ಗಳ ಕವರ್ ಕಳಚಿ, ಜಗಲಿಯ ಮೇಜಿನ ಒಂದೇ ಜಾಗದಲ್ಲಿ ಒಂದಾದ ಮೇಲೊಂದು ಇಡಿ. ಅಂಕಿ ನಿಮಿಷಕ್ಕೊಮ್ಮೆ ಏರಿಳಿಯುವುದರಿಂದ ಸ್ವಲ್ಪ ಹೊತ್ತು ನೋಡಿ ನಡುವಿನದನ್ನು ಹಿಡಿಯಿರಿ. ತಮ್ಮನದು -101, ಅಣ್ಣನದು -118 ಎಂದಿಟ್ಟುಕೊಳ್ಳಿ. ಅಂಗಳದಲ್ಲಿ ತಮ್ಮನದು -91, ಅಣ್ಣನದು -108. ಜಾಗ ಬದಲಾದರೂ ಹದಿನೇಳರ ಅಂತರ ಬದಲಾಗಲಿಲ್ಲ. ಅಂದರೆ ಅಣ್ಣನ ಫೋನಿಗೆ ಸುಮಾರು ಐವತ್ತನೇ ಒಂದು ಪಾಲು ಸಿಗ್ನಲ್ ಸಿಗುತ್ತಿದೆ. ಐದಾರು ಡೆಸಿಬೆಲ್ ವ್ಯತ್ಯಾಸ ಫೋನ್‌ಗಳ ನಡುವೆ ಇದ್ದದ್ದೇ; ಹದಿನೇಳು ಇದ್ದರೆ ಅನುಮಾನ ಆಂಟೆನಾದ ಮೇಲೆ ಬರಬೇಕು.

ಆದರೆ ತೀರ್ಪಿಗೆ ಮುನ್ನ ಒಂದು ಎಚ್ಚರ. ಎರಡೂ ಫೋನ್‌ಗಳು ಒಂದೇ ತಲೆಮಾರಿನ ನೆಟ್‌ವರ್ಕ್, ಒಂದೇ ಬ್ಯಾಂಡ್ ಹಿಡಿದಿರಬೇಕು. 2ಜಿ, 3ಜಿ ಮತ್ತು 4ಜಿಗಳಲ್ಲಿ ಅಳೆಯುವ ಬಗೆಯೇ ಬೇರೆ. ಆ ಅಂಕಿಗಳನ್ನು ಹೋಲಿಸುವುದು ವ್ಯರ್ಥ. 4ಜಿಯೊಳಗೂ 850 ಮೆಗಾಹರ್ಟ್ಸ್ ಅಲೆ ಗೋಡೆ ದಾಟಿ ಬಂದಷ್ಟು ಸುಲಭವಾಗಿ 2300ರದು ಬರುವುದಿಲ್ಲ. ಅಣ್ಣನ ಫೋನಿಗೆ ಆ ಕೆಳಗಿನ ಬ್ಯಾಂಡ್ ಹಿಡಿಯುವ ಸಾಮರ್ಥ್ಯವೇ ಇಲ್ಲದಿದ್ದರೆ ಅದು ರಿಪೇರಿಯ ವಿಷಯವಲ್ಲ.

ಎರಡೂ ಫೋನ್‌ಗಳು -116ರ ಆಸುಪಾಸಿನಲ್ಲಿದ್ದರೆ ಊರಿನ ಕವರೇಜೇ ದುರ್ಬಲ. ಅಂಗಡಿಗೆ ಅಲೆಯುವುದು ಬಿಟ್ಟು, ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದ್ದರೆ ವೈ-ಫೈ ಕಾಲಿಂಗ್ ಆನ್ ಮಾಡಿ. ಎರಡರಲ್ಲೂ -88 ಇದ್ದು ಇಂಟರ್ನೆಟ್ ಮಾತ್ರ ಸಂಜೆ ಹೊತ್ತು ತೆವಳುತ್ತಿದ್ದರೆ ಟವರ್ ಮೇಲೆ ಜನಸಂದಣಿ ಹೆಚ್ಚಿರಬಹುದು. ಅದನ್ನು ಈ ಅಂಕಿ ಹೇಳುವುದಿಲ್ಲ.

ದೋಷ ಫೋನಿನದೇ ಎಂದಾದರೆ, ಇತ್ತೀಚೆಗೆ ಡಿಸ್‌ಪ್ಲೇ ಬದಲಾಯಿಸಿದ್ದೀರಾ ನೆನಪಿಸಿಕೊಳ್ಳಿ. ಬಿಚ್ಚಿ ಜೋಡಿಸುವಾಗ ಆಂಟೆನಾದ ತೆಳು ತಂತಿ ಸರಿಯಾಗಿ ಕೂರದೆ ಉಳಿದಿರುವುದುಂಟು. ಅದನ್ನು ಮತ್ತೆ ಒತ್ತಿ ಕೂರಿಸಿದರೆ ಹೊಸ ಫೋನಿನ ಖರ್ಚು ಉಳಿದೀತು.