ಕಂಪನಿಯ ಸಹಿ: ಸೀಲಿಗಿಂತ ಮೊದಲು ನೋಡಬೇಕಾದ್ದು

ಕಂಪನಿಯೊಂದರ ಜೊತೆ ಕರಾರು ಮಾಡಿಕೊಳ್ಳುವಾಗ ನಮ್ಮಲ್ಲಿ ಹೆಚ್ಚಿನವರು ನೇರವಾಗಿ ಕೊನೆಯ ಪುಟಕ್ಕೆ ಹೋಗಿ ಸೀಲ್ ಬಿದ್ದಿದೆಯೇ ಎಂದು ನೋಡುತ್ತಾರೆ. ಸಹಿಯ ಪಕ್ಕದಲ್ಲಿ ನೀಲಿ ಶಾಯಿಯ ದುಂಡನೆಯ ಗುರುತು ಕಂಡರೆ ಸಮಾಧಾನ. ಆದರೆ ಅದು ಬರಿಯ ರಬ್ಬರ್ ಸ್ಟಾಂಪ್. ಸ್ಟಾಂಪ್ ಮಾಡಿಕೊಡುವ ಯಾವ ಅಂಗಡಿಯಲ್ಲಾದರೂ ಯಾರು ಬೇಕಾದರೂ ಅದನ್ನು ಮಾಡಿಸಿಕೊಳ್ಳಬಹುದು. ಕಾನೂನು ‘ಕಾಮನ್ ಸೀಲ್’ ಎಂದು ಕರೆಯುವ ವಸ್ತುವೇ ಬೇರೆ. ಅದು ಕಂಪನಿಯ ಹೆಸರು ಕೆತ್ತಿದ ಲೋಹದ ಅಚ್ಚು. ಕೈಯಿಂದ ಅಮುಕುವ ಪ್ರೆಸ್‌ನಲ್ಲಿ ಕಾಗದ ಇಟ್ಟು ಒತ್ತಿದರೆ ಶಾಯಿ ಇಲ್ಲದೆಯೇ ಅಕ್ಷರಗಳು ಉಬ್ಬಿಕೊಳ್ಳುತ್ತವೆ, ಬೆರಳಾಡಿಸಿದರೆ ಕೈಗೆ ತಾಗುತ್ತವೆ.

ಈ ಸೀಲಿಗೆ ಬೆಲೆ ಬಂದದ್ದು ಲೋಹದಿಂದಲ್ಲ, ಅದನ್ನು ಒತ್ತುವ ಕ್ರಮದಿಂದ. 2013ರ ಕಂಪನಿ ಕಾಯ್ದೆಯ ಜೊತೆಗಿರುವ ಮಾದರಿ ನಿಯಮಾವಳಿಯನ್ನೇ ನೋಡಿ. ಸೀಲನ್ನು ಜೋಪಾನವಾಗಿಡುವ ಹೊಣೆ ನಿರ್ದೇಶಕ ಮಂಡಳಿಯದು. ಮಂಡಳಿಯ ಠರಾವಿಲ್ಲದೆ ಅದನ್ನು ಯಾವ ಪತ್ರಕ್ಕೂ ಒತ್ತುವಂತಿಲ್ಲ. ಒತ್ತುವಾಗ ಕನಿಷ್ಠ ಇಬ್ಬರು ನಿರ್ದೇಶಕರು, ಜೊತೆಗೆ ಕಾರ್ಯದರ್ಶಿ ಅಥವಾ ಮಂಡಳಿ ನೇಮಿಸಿದ ಇನ್ನೊಬ್ಬರು ಎದುರಿಗಿರಬೇಕು, ಅವರೆಲ್ಲರೂ ಅದೇ ಪತ್ರಕ್ಕೆ ಸಹಿಯನ್ನೂ ಹಾಕಬೇಕು. ಅಂದರೆ ಉಬ್ಬಿದ ಅಕ್ಷರಗಳ ಹಿಂದೆ ಒಂದು ಸಭೆಯ ತೀರ್ಮಾನವೂ ಮೂರು ಜನರ ಸಾಕ್ಷಿಯೂ ಇರುತ್ತಿದ್ದವು.

2015ರ ಮೇ 29ರಿಂದ ನಮ್ಮ ದೇಶದಲ್ಲಿ ಕಾಮನ್ ಸೀಲ್ ಕಡ್ಡಾಯವಲ್ಲ. ಇಟ್ಟುಕೊಳ್ಳುವ ಕಂಪನಿ ಇಟ್ಟುಕೊಳ್ಳಬಹುದು, ಬೇಡವೆಂದರೆ ಬಿಡಬಹುದು. ಹಿಂದೆ ಸೀಲ್ ಬೇಕಿದ್ದ ಕೆಲವು ಕಡೆ ಈಗ ಇಬ್ಬರು ನಿರ್ದೇಶಕರ ಸಹಿ, ಅಥವಾ ಒಬ್ಬ ನಿರ್ದೇಶಕ ಮತ್ತು ಕಂಪನಿ ಕಾರ್ಯದರ್ಶಿಯ ಸಹಿ ಸಾಕು. ಷೇರು ಪ್ರಮಾಣಪತ್ರಕ್ಕೂ, ಪತ್ರಗಳನ್ನು ಬರೆದುಕೊಡಲು ಕಂಪನಿ ಯಾರಿಗಾದರೂ ನೀಡುವ ಮುಖ್ತಿಯಾರ್‌ನಾಮೆಗೂ ಇದೇ ನಿಯಮ. ಮಾಮೂಲಿ ಕರಾರುಗಳಿಗೆ ಕಾಯ್ದೆಯ 21ನೇ ಕಲಂ ಇದೆ: ವ್ಯವಸ್ಥಾಪಕ ನಿರ್ದೇಶಕ, ಕಂಪನಿ ಕಾರ್ಯದರ್ಶಿಯಂಥ ಪ್ರಮುಖ ಹುದ್ದೆಯವರು, ಇಲ್ಲವೇ ಮಂಡಳಿ ಅಧಿಕಾರ ಕೊಟ್ಟ ಅಧಿಕಾರಿ ಅಥವಾ ನೌಕರ ಸಹಿ ಹಾಕಬಹುದು. ಕಾಗದಗಳಲ್ಲಿ ನಾವು ಕಾಣುವ ‘ಅಧಿಕೃತ ಸಹಿದಾರ’ ಹುಟ್ಟುವುದು ಇಲ್ಲಿ. ಬರಿಯ ನಿರ್ದೇಶಕ ಎಂಬ ಕಾರಣಕ್ಕೇ ಒಬ್ಬರು ಒಂಟಿಯಾಗಿ ಕಂಪನಿಯನ್ನು ಕಟ್ಟಿಹಾಕಲಾರರು ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ನೆಲಮಂಗಲದ ಕಡೆ ಗೋದಾಮು ಕಟ್ಟಿಸಿದ ಒಬ್ಬರಿದ್ದಾರೆ ಎನ್ನಿ. ಪ್ರೈವೇಟ್ ಲಿಮಿಟೆಡ್ ಕಂಪನಿಯೊಂದು ಅದನ್ನು ಒಂಬತ್ತು ವರ್ಷಕ್ಕೆ ಬಾಡಿಗೆಗೆ ಕೇಳುತ್ತದೆ. ಒಂದು ವರ್ಷ ಮೀರಿದ ಗುತ್ತಿಗೆಯಾದ್ದರಿಂದ ನೋಂದಣಿ ಆಗಲೇಬೇಕು, ಮಾಲೀಕರ ಜೊತೆ ಬಾಡಿಗೆದಾರ ಕಂಪನಿಯೂ ಪತ್ರಕ್ಕೆ ಸಹಿ ಹಾಕಬೇಕು. ಉಪನೋಂದಣಾಧಿಕಾರಿ ಕಚೇರಿಗೆ ಬಂದವರು ಕಂಪನಿಯ ರೀಜನಲ್ ಮ್ಯಾನೇಜರ್. ಕೈಯಲ್ಲಿ ವಿಸಿಟಿಂಗ್ ಕಾರ್ಡ್ ಇದೆ, ರಬ್ಬರ್ ಸ್ಟಾಂಪ್ ಇದೆ. ಇವೆರಡೂ ಸಾಲವು. ಮಾಲೀಕರು ಕೇಳಬೇಕಾದ್ದು ಬೋರ್ಡ್ ಠರಾವಿನ ದೃಢೀಕೃತ ಪ್ರತಿ.

ಪ್ರತಿ ಕೈಗೆ ಬಂದ ಮೇಲೆ ನಿಧಾನವಾಗಿ ಓದಬೇಕು. ಸಭೆ ನಡೆದ ದಿನ ಗುತ್ತಿಗೆ ಪತ್ರದ ದಿನಕ್ಕಿಂತ ಹಿಂದಿನದೇ? ಮ್ಯಾನೇಜರ್ ಹೆಸರು ಅವರ ಗುರುತಿನ ಚೀಟಿಯಲ್ಲಿದ್ದಂತೆಯೇ ಇದೆಯೇ? ‘ಕಂಪನಿಯ ದಿನನಿತ್ಯದ ಕೆಲಸಗಳಿಗೆ’ ಎಂದಷ್ಟೇ ಬರೆದಿದ್ದರೆ ಒಂಬತ್ತು ವರ್ಷದ ಗುತ್ತಿಗೆ ಅದರೊಳಗೆ ಬರುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ. ಯಾವ ಆಸ್ತಿ, ಎಷ್ಟು ಅವಧಿ, ಎಷ್ಟು ಬಾಡಿಗೆ ಎಂಬುದು ಠರಾವಿನಲ್ಲೇ ಇದ್ದರೆ ಒಳ್ಳೆಯದು. ಕೆಲವು ಠರಾವುಗಳು ‘ಇಬ್ಬರು ಜಂಟಿಯಾಗಿ’ ಸಹಿ ಹಾಕಬೇಕೆಂದು ಹೇಳುತ್ತವೆ, ಆಗ ಒಬ್ಬರ ಸಹಿ ಅರ್ಧ ಸಹಿ. ಕೊನೆಯದಾಗಿ, ಪ್ರತಿಯನ್ನು ದೃಢೀಕರಿಸಿದವರು ಯಾರು? ಅಧಿಕಾರ ಪಡೆದ ವ್ಯಕ್ತಿಯೇ ‘ನಿಜ ಪ್ರತಿ’ ಎಂದು ತಾನೇ ಸಹಿ ಹಾಕಿ ತಂದಿದ್ದರೆ ನಾನಂತೂ ಒಪ್ಪುವುದಿಲ್ಲ. ಇನ್ನೊಬ್ಬ ನಿರ್ದೇಶಕರ ಅಥವಾ ಕಂಪನಿ ಕಾರ್ಯದರ್ಶಿಯ ಸಹಿ ತರಿಸಬೇಕು. ಅವರು ನಿಜವಾಗಿ ನಿರ್ದೇಶಕರೇ ಎಂಬುದನ್ನು ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ನೋಡಿಕೊಳ್ಳಬಹುದು.

ಅದೇ ಜಾಲತಾಣದಲ್ಲಿ ಶುಲ್ಕ ಕಟ್ಟಿದರೆ ಕಂಪನಿಯ ‘ಆರ್ಟಿಕಲ್ಸ್ ಆಫ್ ಅಸೋಸಿಯೇಷನ್’, ಅಂದರೆ ಒಳನಿಯಮಾವಳಿಯೂ ಸಿಗುತ್ತದೆ. ಹಳೆಯ ಕಂಪನಿಗಳ ನಿಯಮಾವಳಿಯಲ್ಲಿ ‘ಇಂಥ ಪತ್ರಗಳಿಗೆ ಕಾಮನ್ ಸೀಲ್ ಬೇಕು’ ಎಂಬ ಮಾತು ಇಂದಿಗೂ ಉಳಿದಿರಬಹುದು. ಕಾಯ್ದೆ ಸೀಲನ್ನು ಐಚ್ಛಿಕ ಮಾಡಿತೆಂದು ಆ ಸಾಲು ತಾನಾಗಿ ಅಳಿಸಿಹೋಗುವುದಿಲ್ಲ. ಷೇರುದಾರರು ವಿಶೇಷ ಠರಾವು ಮಾಡಿ ಅದನ್ನು ತೆಗೆಯಬೇಕು.

ಈ ನಿಯಮಾವಳಿಯನ್ನು ಓದದೆ ಹಣ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಮದ್ರಾಸ್ ಹೈಕೋರ್ಟಿನ 1934ರ ಕೋಟ್ಲಾ ವೆಂಕಟಸ್ವಾಮಿ ಪ್ರಕರಣವಿದೆ. ಆ ಕಂಪನಿಯ ನಿಯಮಾವಳಿಯ ಪ್ರಕಾರ ಪತ್ರಗಳಿಗೆ ವ್ಯವಸ್ಥಾಪಕ ನಿರ್ದೇಶಕ, ಕಾರ್ಯದರ್ಶಿ ಮತ್ತು ವರ್ಕಿಂಗ್ ಡೈರೆಕ್ಟರ್ ಮೂವರೂ ಸಹಿ ಹಾಕಬೇಕಿತ್ತು. ಅಡಮಾನ ಪತ್ರವೊಂದಕ್ಕೆ ಬಿದ್ದದ್ದು ಕಾರ್ಯದರ್ಶಿ ಮತ್ತು ವರ್ಕಿಂಗ್ ಡೈರೆಕ್ಟರ್ ಸಹಿ ಮಾತ್ರ. ಸಾಲ ಕೊಟ್ಟ ಕಡೆಯವರ ನಂಬಿಕೆ ಪ್ರಾಮಾಣಿಕವಾಗಿದ್ದಿರಬಹುದು, ಹಣ ಕಂಪನಿಯ ಕೆಲಸಕ್ಕೇ ಹೋಗಿದ್ದಿರಬಹುದು, ಆದರೂ ಪತ್ರ ಸಿಂಧುವಲ್ಲ ಎಂದು ಕೋರ್ಟು ಹೇಳಿತು. ನಿಯಮಾವಳಿ ಎಲ್ಲರಿಗೂ ತೆರೆದಿದ್ದ ದಾಖಲೆ, ನೋಡಿದ್ದರೆ ಮೂರನೆಯ ಸಹಿ ಇಲ್ಲದ್ದು ಕಾಣುತ್ತಿತ್ತು ಎಂಬುದು ಅದರ ತರ್ಕ. ಒಂದೇ ಒಂದು ಸಹಿ ಕಡಿಮೆಯಾದದ್ದಕ್ಕೆ ಅಡಮಾನದ ಭದ್ರತೆಯೇ ಕೈತಪ್ಪಿತು.

ಹಾಗೆಂದು ಕಂಪನಿಯ ಒಳಗೆ ನಡೆಯುವುದನ್ನೆಲ್ಲ ಹೊರಗಿನವರು ಪತ್ತೆ ಹಚ್ಚಬೇಕಿಲ್ಲ. 1856ರ ಇಂಗ್ಲೆಂಡಿನ ಟರ್ಕ್ವಾಂಡ್ ತೀರ್ಪು ಇದಕ್ಕೆ ಆಧಾರ, ನಮ್ಮ ಕೋರ್ಟುಗಳೂ ಅದನ್ನು ಒಪ್ಪಿವೆ. ಅಲ್ಲಿ ಬ್ಯಾಂಕೊಂದು ಸಾಲ ಕೊಟ್ಟು, ಸೀಲ್ ಒತ್ತಿದ, ಇಬ್ಬರು ನಿರ್ದೇಶಕರು ಮತ್ತು ಕಾರ್ಯದರ್ಶಿ ಸಹಿ ಹಾಕಿದ 2,000 ಪೌಂಡಿನ ಬಾಂಡ್ ಪಡೆದಿತ್ತು. ಆಮೇಲೆ ಕಂಪನಿ, ಅದಕ್ಕೆ ಬೇಕಿದ್ದ ಠರಾವನ್ನು ಷೇರುದಾರರು ಸರಿಯಾಗಿ ಮಾಡಿರಲಿಲ್ಲವೆಂದು ತಕರಾರು ತೆಗೆಯಿತು. ನಿಯಮಾವಳಿಯಲ್ಲಿ ಸಾಲ ಪಡೆಯಲು ಅವಕಾಶವಿದೆ, ಒಳಗಿನ ಸಭೆ ಸರಿಯಾಗಿ ನಡೆದಿದೆ ಎಂದು ಬ್ಯಾಂಕ್ ಭಾವಿಸಿದ್ದು ತಪ್ಪಲ್ಲ ಎಂದು ಕೋರ್ಟು ಸಾಲಗಾರ ಕಂಪನಿಯನ್ನೇ ಹೊಣೆ ಮಾಡಿತು. ಗೋದಾಮಿನ ಮಾಲೀಕರಿಗೂ ಈ ರಕ್ಷಣೆ ಉಂಟು: ಕ್ರಮವಾಗಿರುವ ಠರಾವಿನ ಪ್ರತಿ ಪಡೆದ ಮೇಲೆ ಸಭೆಗೆ ಕೋರಂ ಇತ್ತೇ, ನೋಟಿಸ್ ಹೋಗಿತ್ತೇ ಎಂದು ಅವರು ವಿಚಾರಿಸಬೇಕಿಲ್ಲ.

ಈ ರಕ್ಷಣೆ ಖೋಟಾ ಸಹಿಯ ಮುಂದೆ ನಿಲ್ಲುವುದಿಲ್ಲ. 1906ರ ಗ್ರೇಟ್ ಫಿಂಗಾಲ್ ಪ್ರಕರಣದಲ್ಲಿ ಷೇರು ಪ್ರಮಾಣಪತ್ರದ ಮೇಲೆ ಬಿದ್ದ ಸೀಲ್ ಅಸಲಿಯೇ. ಆದರೆ ಅದನ್ನು ಒತ್ತಿದ್ದು ಕಾರ್ಯದರ್ಶಿ ತನ್ನ ಸ್ವಂತ ಲಾಭಕ್ಕೆ, ಇಬ್ಬರು ನಿರ್ದೇಶಕರ ಸಹಿಗಳನ್ನು ತಾನೇ ನಕಲು ಮಾಡಿ. ಕಂಪನಿ ಇದಕ್ಕೆ ಬದ್ಧವಲ್ಲ ಎಂದು ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು. ಸಂಶಯ ಬರುವಂಥ ಸನ್ನಿವೇಶದಲ್ಲಿ ವಿಚಾರಿಸದೆ ಮುಂದುವರಿದವರಿಗೂ ಈ ರಕ್ಷಣೆ ಸಿಗುವುದಿಲ್ಲ. ಉದಾಹರಣೆಗೆ, ಕಂಪನಿಯ ಲೆಕ್ಕ ಬರೆಯುವವರು ಬಂದು ಕಂಪನಿಯ ಜಮೀನು ಬರೆದುಕೊಡುತ್ತೇನೆಂದರೆ ಮುಖ್ತಿಯಾರ್‌ನಾಮೆ ತೋರಿಸಿ ಎಂದು ಕೇಳಲೇಬೇಕು.

ಸಹಿ ಹಾಕುವವರಿಗೂ ಅಪಾಯವಿದೆ. ಸಣ್ಣ ಕಂಪನಿಗಳಲ್ಲಿ ಮ್ಯಾನೇಜರುಗಳು ಆತುರದಲ್ಲಿ ಬರಿಯ ಸಹಿ ಗೀಚಿ ಕೊಡುವುದುಂಟು. ಪ್ರಾಮಿಸರಿ ನೋಟಿನಂಥ ಪತ್ರಕ್ಕೆ, ಕಂಪನಿಯ ಪರವಾಗಿ ಹಾಕುತ್ತಿದ್ದೇನೆ ಎಂಬುದನ್ನು ತೋರಿಸದೆ ಸಹಿ ಹಾಕಿದರೆ ಆ ಸಾಲಕ್ಕೆ ಸ್ವಂತವಾಗಿ ಹೊಣೆಯಾಗಬೇಕಾದೀತು. ಹೆಸರಿನ ಪಕ್ಕ ‘ಮ್ಯಾನೇಜರ್’ ಎಂದು ಬರೆದ ಮಾತ್ರಕ್ಕೆ ಬಿಡುಗಡೆ ಸಿಗುತ್ತದೆಂದು ನಂಬಬಾರದು. ಮೇಲೆ ‘ಪರವಾಗಿ’ ಎಂದು ಹಾಕಿ ಕಂಪನಿಯ ಪೂರ್ತಿ ಹೆಸರು, ನೋಂದಣಿ ಪತ್ರದಲ್ಲಿ ಇದ್ದಂತೆಯೇ, ‘ಪ್ರೈವೇಟ್ ಲಿಮಿಟೆಡ್’ ಬಿಡದೆ ಬರೆಯಬೇಕು. ಅದರ ಕೆಳಗೆ ಸಹಿ, ಸಹಿಯ ಕೆಳಗೆ ತಮ್ಮ ಹೆಸರು, ಹುದ್ದೆ ಮತ್ತು ಅಧಿಕಾರ ಕೊಟ್ಟ ಠರಾವಿನ ತಾರೀಖು. ಕಂಪನಿ ಬಿಡುವ ದಿನ ಬಂದಾಗ ಆ ಠರಾವು ರದ್ದಾದ ಪತ್ರವನ್ನೂ ಕೇಳಿ ಪಡೆಯಬೇಕು, ಬ್ಯಾಂಕಿನಲ್ಲಿರುವ ಮಾದರಿ ಸಹಿಯನ್ನು ತೆಗೆಸಿದ್ದಾರೆಯೇ ಎಂದು ವಿಚಾರಿಸಿಕೊಳ್ಳಬೇಕು.