ಅಡಿಕೆ ದುಡ್ಡು ಮತ್ತು ಆಟದ ಖಾತೆಯ ಬೀಗ

ತರೀಕೆರೆ ಕಡೆಯ ತೋಟದ ಮನೆಗಳಿಗೆ ದುಡ್ಡು ತಿಂಗಳ ಒಂದನೇ ತಾರೀಖಿಗೆ ಬರುವುದಿಲ್ಲ. ಅಡಿಕೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ ಬೀರೂರಿನ ಮಂಡಿಗೆ ಹಾಕಿದ ಮೇಲೆ ವರ್ಷದ ಗಂಟು ಒಮ್ಮೆಗೇ ಖಾತೆಗೆ ಬೀಳುತ್ತದೆ. ಅಜ್ಜಂಪುರದ ಈರುಳ್ಳಿ ಬೆಳೆಗಾರರದ್ದೂ ಹೆಚ್ಚುಕಡಿಮೆ ಇದೇ ಕತೆ. ಅಡಿಕೆ ಮಾರಿದ ಹಣ ಇನ್ನೂ ಬ್ಯಾಂಕಿನಲ್ಲಿರುವಾಗಲೇ, ಮಾರ್ಚ್ ತಿಂಗಳಲ್ಲಿ, ಐಪಿಎಲ್ ಶುರುವಾಗುತ್ತದೆ. ಹಣ ಹೂಡುವ ಆನ್‌ಲೈನ್ ಆಟದ ಖಾತೆಗೆ ಹಾಕುವ ಮಿತಿಗಳ ವಿಚಾರವನ್ನು ಈ ಸೀಮೆಯಲ್ಲಿ ಮಾತಾಡುವಾಗ ಇದನ್ನು ಮೊದಲು ನೆನೆಯಬೇಕು. ಆ ಮಿತಿಗಳೆಲ್ಲ ತಿಂಗಳ ಸಂಬಳದವರನ್ನು ಮನಸ್ಸಿನಲ್ಲಿಟ್ಟು ಮಾಡಿದವು.

ಮಿತಿಗಳಲ್ಲಿ ಮುಖ್ಯವಾದವು ಎರಡು. ಇಂತಿಷ್ಟು ಅವಧಿಯಲ್ಲಿ ಖಾತೆಗೆ ಇಷ್ಟಕ್ಕಿಂತ ಹೆಚ್ಚು ಹಣ ತುಂಬಲಾಗದು ಎನ್ನುವುದು ಜಮಾ ಮಿತಿ. ಕಳೆದುಕೊಂಡದ್ದು ಇಷ್ಟಾದರೆ ಆಟ ನಿಲ್ಲಬೇಕು ಎನ್ನುವುದು ನಷ್ಟ ಮಿತಿ. ಕೇಳಲು ಎರಡೂ ಒಂದೇ ಅನ್ನಿಸುತ್ತದೆ, ಆದರೆ ಲೆಕ್ಕ ಹಾಕಿದಾಗ ಬೇರೆಯಾಗುತ್ತವೆ.

ಒಬ್ಬ ಹುಡುಗ ತಿಂಗಳಿಗೆ 2,000 ರೂಪಾಯಿಯ ಜಮಾ ಮಿತಿ ಇಟ್ಟುಕೊಂಡಿದ್ದಾನೆ ಎಂದುಕೊಳ್ಳಿ. ಮೊದಲ ವಾರವೇ 2,000 ತುಂಬಿದ, ಅದೃಷ್ಟಕ್ಕೆ ಅದು 9,000 ಆಯಿತು, ಎರಡು ರಾತ್ರಿಯಲ್ಲಿ ಅಷ್ಟೂ ಹೋಯಿತು. ಜಮಾ ಮಿತಿಯ ಪ್ರಕಾರ ಅವನು ಗೆರೆ ದಾಟಿಯೇ ಇಲ್ಲ. ಗೆದ್ದ ಹಣ ಖಾತೆಯೊಳಗೇ ಇತ್ತು, ಅದನ್ನು ಮತ್ತೆ ಹೂಡುವುದನ್ನು ಜಮಾ ಮಿತಿ ತಡೆಯುವುದಿಲ್ಲ. ದಿನಕ್ಕೆ 1,000 ರೂಪಾಯಿಯ ನಷ್ಟ ಮಿತಿಯೂ ಇದ್ದಿದ್ದರೆ ಎರಡೂ ದಿನ ಸಾವಿರ ಹೋದಾಗಲೇ ಆಟ ನಿಂತು, 7,000 ಉಳಿಯುತ್ತಿತ್ತು. ಇನ್ನು ಕೆಲವು ಕಂಪನಿಗಳು ಜಮಾ ಲೆಕ್ಕದಲ್ಲಿ ಹಿಂದಕ್ಕೆ ಪಡೆದ ಹಣವನ್ನು ಕಳೆಯುತ್ತವೆ. ಅಲ್ಲಿ ಇದೇ ಹುಡುಗ 5,000 ತೆಗೆದುಕೊಂಡು ಜಾಣನಾದನೆಂದರೆ, ಅಷ್ಟನ್ನೂ ಮತ್ತೆ ತುಂಬಲು ಬಾಗಿಲು ತೆರೆದೇ ಇರುತ್ತದೆ. ಆದ್ದರಿಂದ ಮಿತಿ ಎಂದರೆ ಒಟ್ಟು ತುಂಬಿದ್ದರ ಮೇಲೋ, ಕಳೆದು ಉಳಿದದ್ದರ ಮೇಲೋ ಎಂಬುದನ್ನು ನೋಡಬೇಕು.

ತಿಂಗಳು ಎಂಬ ಮಾತಿನಲ್ಲೂ ಒಂದು ಸಂದು ಇದೆ. ಕ್ಯಾಲೆಂಡರ್ ತಿಂಗಳಾದರೆ 31ರ ರಾತ್ರಿ 2,000, ಹನ್ನೆರಡು ಹೊಡೆದ ಮೇಲೆ ಇನ್ನೊಂದು 2,000 ಹಾಕಬಹುದು. ಹಿಂದಿನ 30 ದಿನ ಎಂದು ಲೆಕ್ಕ ಹಿಡಿದರೆ ಅದು ಆಗದು.

ಆಟದ ಹೊತ್ತನ್ನು ನೆನಪಿಸುವ ಸೂಚನೆ ಮೂರನೆಯದು. ನೆರೆಯ ತಮಿಳುನಾಡು 2025ರಲ್ಲಿ ಹಣದ ಆಟಗಳಿಗೆ ಮಾಡಿದ ನಿಯಮಗಳಲ್ಲಿ, ಒಂದು ಗಂಟೆ ಬಿಡದೆ ಆಡಿದವರಿಗೆ ಅಲ್ಲಿಂದ ಪ್ರತಿ 30 ನಿಮಿಷಕ್ಕೊಮ್ಮೆ ಪರದೆಯ ಮೇಲೆ ಎಚ್ಚರಿಕೆ ಬರಬೇಕು ಎಂದಿತ್ತು. ಮಧ್ಯರಾತ್ರಿ 12ರಿಂದ ಬೆಳಿಗ್ಗೆ 5ರವರೆಗೆ ಆಟಕ್ಕೆ ಪ್ರವೇಶವೇ ಇರಬಾರದು ಎಂದೂ ಇತ್ತು. ಎರಡರಲ್ಲಿ ನನಗೆ ಗಟ್ಟಿ ಅನ್ನಿಸುವುದು ರಾತ್ರಿಯ ತಡೆ. ಎಚ್ಚರಿಕೆಯನ್ನು ಬೆರಳು ಓದುವ ಮೊದಲೇ ಒತ್ತಿ ಸರಿಸಿಬಿಡುತ್ತದೆ. ಎಷ್ಟು ಹೊತ್ತಾಯಿತು ಎಂಬುದರ ಜೊತೆಗೆ ಈವರೆಗೆ ಎಷ್ಟು ಹೋಯಿತು ಎಂಬ ಅಂಕಿಯನ್ನೂ ತೋರಿಸಿದರೆ ಮಾತ್ರ ಅದಕ್ಕೆ ಸ್ವಲ್ಪ ಬೆಲೆ.

ಇವೆಲ್ಲವನ್ನೂ ಹಿಡಿದು ನಿಲ್ಲಿಸುವುದು ಕೂಲಿಂಗ್ ಆಫ್, ಅಂದರೆ ತಣಿಯುವ ಅವಧಿ. ಇದರ ಗುಟ್ಟು ಇರುವುದು ಒಂದು ಅಸಮಾನತೆಯಲ್ಲಿ: ಮಿತಿಯನ್ನು ಇಳಿಸಿದರೆ ತಕ್ಷಣ ಜಾರಿ, ಏರಿಸಿದರೆ ಕಾಯಬೇಕು. ಬ್ರಿಟನ್ನಿನಲ್ಲಿ ಏರಿಕೆಗೆ 24 ಗಂಟೆ ಕಾಯಬೇಕು; ಅದು ಕಳೆದ ಮೇಲೂ ಆಟಗಾರ ಮತ್ತೊಮ್ಮೆ ಬಂದು ಹೌದು ಎನ್ನಬೇಕು. ಆಸ್ಟ್ರೇಲಿಯಾದಲ್ಲಿ ಜಮಾ ಮಿತಿ ಏರಲು 7 ದಿನ ಬೇಕು. ಸೋತ ಹಣವನ್ನು ಇವತ್ತೇ ವಾಪಸ್ ತರುತ್ತೇನೆ ಎಂಬ ಬಿಸಿ ಒಂದು ರಾತ್ರಿ ನಿದ್ದೆ ಮಾಡಿದರೆ ಬಹುಮಟ್ಟಿಗೆ ಇಳಿಯುತ್ತದೆ, ನಿಯಮ ಆ ಒಂದು ರಾತ್ರಿಯನ್ನು ಕೊಡಿಸುತ್ತದೆ. ಇದಲ್ಲದೆ ಖಾತೆಯನ್ನೇ ಒಂದು ದಿನ, ಒಂದು ವಾರ, ಒಂದು ತಿಂಗಳು, ಹೆಚ್ಚೆಂದರೆ ಆರು ವಾರ ಮುಚ್ಚಿಸಿಕೊಳ್ಳುವ ಅವಕಾಶ ಬ್ರಿಟನ್ನಿನಲ್ಲಿದೆ. ಅದಕ್ಕಿಂತ ದೊಡ್ಡದು ಸ್ವಯಂ ಬಹಿಷ್ಕಾರ, ಅದು ಕನಿಷ್ಠ ಆರು ತಿಂಗಳದ್ದು.

ಕಾಯಿಸುವುದನ್ನು ಆಟಗಾರನ ವಿರುದ್ಧವೂ ಬಳಸಬಹುದು. ಗೆದ್ದ ಹಣವನ್ನು ಬ್ಯಾಂಕಿಗೆ ಕಳಿಸಲು ಒತ್ತಿದರೆ ಒಂದೆರಡು ದಿನ ಬಾಕಿ ಎಂದು ತೋರಿಸಿ, ಪಕ್ಕದಲ್ಲೇ ರದ್ದು ಮಾಡುವ ಗುಂಡಿ ಇಡುವ ಜಾಲತಾಣಗಳಿವೆ. ಹಣ ಕೈಸೇರುವ ಮೊದಲೇ ಮನಸ್ಸು ಬದಲಾಗಲಿ ಎಂದೇ ಆ ಏರ್ಪಾಡು. ಬ್ರಿಟನ್ 2021ರಲ್ಲಿ ಇದನ್ನು ನಿಷೇಧಿಸಿತು.

ನಮ್ಮಲ್ಲಿ ಏನಾಗಿದೆ? ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಮಾಡಿತು. ಆಮೇಲೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಇಡೀ ದೇಶಕ್ಕೆ ಕಾಯ್ದೆ ಮಾಡಿ ಹಣ ಹೂಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿತು. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಬ್ಯಾಂಕುಗಳು ಅಂಥ ಹಣ ಸಾಗಿಸುವಂತಿಲ್ಲ. ದೊಡ್ಡ ಕಂಪನಿಗಳು ಹಣದ ಆಟ ನಿಲ್ಲಿಸಿದವು, ಅವುಗಳ ಜೊತೆಗೆ ಅವು ಇಟ್ಟಿದ್ದ ಮಿತಿಯ ಗುಂಡಿಗಳೂ ಹೋದವು. ಉಳಿದದ್ದು ವಿದೇಶಿ ತಾಣಗಳು ಮತ್ತು ಊರಿನ ಬುಕ್ಕಿಗಳು. ವಿದೇಶಿ ತಾಣದಲ್ಲಿ ಮಿತಿಯ ಗುಂಡಿ ಕಂಡರೂ ಅದನ್ನು ಪಾಲಿಸುವಂತೆ ಇಲ್ಲಿ ಕೇಳುವವರಿಲ್ಲ. ಏರಿಸಿದ ಮಿತಿ ಆ ಕ್ಷಣವೇ ಜಾರಿಯಾಗುತ್ತದೆ ಎಂದರೆ ಅದು ಬರೀ ತೋರಿಕೆ. ಬುಕ್ಕಿಯ ಬಳಿಯಂತೂ ಜಮಾ ಎಂಬುದೇ ಇಲ್ಲದಿರಬಹುದು. ಅವನು ಸಾಲದ ಮೇಲೆ ಬಾಜಿ ಬರೆದುಕೊಂಡರೆ, ಸೋತ ಮೇಲೆ ಮನೆ ಬಾಗಿಲಿಗೆ ಬರುತ್ತಾನೆ.

ಆದ್ದರಿಂದ ಇವತ್ತು ಈ ಸೀಮೆಯಲ್ಲಿ ಮಿತಿ ಹಾಕಬೇಕಾದ ಜಾಗ ಬ್ಯಾಂಕ್ ಖಾತೆ. ಆಟದ ಖಾತೆಯಲ್ಲಿ ಹಾಕಿದ ಮಿತಿ ಒಂದು ಆ್ಯಪ್‌ಗೆ ಮಾತ್ರ ಅನ್ವಯ, ಐದು ಆ್ಯಪ್ ಇದ್ದರೆ ಐದು ಮಿತಿ. ಬ್ಯಾಂಕಿನ ಮಿತಿ ಎಲ್ಲದಕ್ಕೂ ಒಂದೇ. ರಿಸರ್ವ್ ಬ್ಯಾಂಕಿನ 2020ರ ಸೂಚನೆಯಂತೆ ಕಾರ್ಡಿನ ಆನ್‌ಲೈನ್ ಬಳಕೆ, ವಿದೇಶಿ ಬಳಕೆ ಎರಡನ್ನೂ ನಾವೇ ಬೇರೆ ಬೇರೆಯಾಗಿ ಮುಚ್ಚಬಹುದು, ಮಿತಿಯನ್ನೂ ಇಡಬಹುದು. ಯುಪಿಐಯ ದಿನದ ಮಿತಿಯನ್ನು ಇಳಿಸಲು ಹಲವು ಬ್ಯಾಂಕುಗಳ ಆ್ಯಪ್‌ನಲ್ಲಿ ಅವಕಾಶವಿದೆ. ಕೊರತೆ ಒಂದೇ: ಇಳಿಸಿದ ಬೆರಳೇ ಮರುನಿಮಿಷದಲ್ಲಿ ಏರಿಸಬಲ್ಲದು. ಇಲ್ಲಿ ತಣಿಯುವ ಅವಧಿಯನ್ನು ನಾವೇ ಕಟ್ಟಿಕೊಳ್ಳಬೇಕು.

ಒಂದು ಮನೆಯ ಲೆಕ್ಕ ಹಾಕೋಣ. ಅಡಿಕೆಯಿಂದ 6 ಲಕ್ಷ ಬಂತು. ಗೊಬ್ಬರ, ಕೂಲಿ, ಸೊಸೈಟಿ ಸಾಲದ ಕಂತಿಗೆ 2,40,000 ಎತ್ತಿಟ್ಟರೆ ಮನೆಖರ್ಚಿಗೆ 3,60,000, ತಿಂಗಳಿಗೆ 30,000. ಆ್ಯಪ್‌ನಲ್ಲಿ 6 ಲಕ್ಷ ಕಾಣುವಾಗ ದಿನಕ್ಕೆ 5,000 ಸಣ್ಣದು ಅನ್ನಿಸುತ್ತದೆ. 30,000 ಕಾಣುವಾಗ ಅದು ಐದು ದಿನದ ಮನೆಖರ್ಚು. ಹಾಗಾಗಿ ಫೋನಿಗೆ ಜೋಡಿಸಿದ ಖಾತೆಯಲ್ಲಿ ಒಂದು ತಿಂಗಳ ದುಡ್ಡು ಮಾತ್ರ ಇರಲಿ. ಉಳಿದದ್ದು ಗಂಡ ಹೆಂಡತಿ ಇಬ್ಬರೂ ಸಹಿ ಹಾಕಿದರೆ ಮಾತ್ರ ತೆಗೆಯಬಹುದಾದ, ಯುಪಿಐ ಇಲ್ಲದ ಖಾತೆಯಲ್ಲಿರಲಿ. ಪ್ರತಿ ತಿಂಗಳು ಒಂದು ದಿನ ಇಬ್ಬರೂ ಶಾಖೆಗೆ ಹೋಗಿ 30,000 ಈ ಕಡೆಗೆ ಹಾಕಿಸಬೇಕು. ಕೈಮೀರಿ ಹೋಗಿದೆ ಅನ್ನಿಸಿದವರು ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ.

ಐಪಿಎಲ್‌ನ ರಾತ್ರಿ ಪಂದ್ಯ ಏಳೂವರೆಗೆ ಶುರು. ಅಷ್ಟು ಹೊತ್ತಿಗೆ ಬ್ಯಾಂಕಿನ ಶಾಖೆ ಮುಚ್ಚಿರುತ್ತದೆ, ಮತ್ತೆ ತೆರೆಯುವುದು ಬೆಳಿಗ್ಗೆಯೇ. ಮರುದಿನ ಎರಡನೇ ಶನಿವಾರವಾದರೆ ಸೋಮವಾರದವರೆಗೆ ಕಾಯಬೇಕು.